ತಪ್ಪು ಬಿಲ್ ಹೋದ ಮೇಲೆ ಬರೆಯಬೇಕಾದ ಮೇಲ್

ಮೈಸೂರಿನಲ್ಲಿ ಎಸಿ ರಿಪೇರಿ ಮಾಡುವ ಒಂದು ಸಣ್ಣ ಸಂಸ್ಥೆ ಇದೆ ಎಂದುಕೊಳ್ಳಿ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಈ ಸಂಸ್ಥೆಯವರು 2025ರ ನವೆಂಬರ್ 1ರಂದು 46 ಎಸಿಗಳನ್ನು ಸರ್ವಿಸ್ ಮಾಡಿದರು. ಒಂದಕ್ಕೆ 750 ರೂಪಾಯಿ ದರ. ಬಿಲ್ ಆಗಬೇಕಾದದ್ದು 34,500 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 6,210 ರೂಪಾಯಿ, ಒಟ್ಟು 40,710. ಆದರೆ ಕಂಪ್ಯೂಟರಿನಲ್ಲಿ ಬಿಲ್ ಹೊಡೆಯುವಾಗ 46 ಹೋಗಿ 64 ಆಯಿತು. ನವೆಂಬರ್ 5ರಂದು ಕಾರ್ಖಾನೆಗೆ ಹೋದ 187ನೇ ನಂಬರಿನ ಬಿಲ್‌ನಲ್ಲಿ 48,000 ರೂಪಾಯಿಗೆ 8,640 ಜಿಎಸ್‌ಟಿ ಸೇರಿ 56,640 ಎಂದಿತ್ತು. ಎರಡು ದಿನ ಬಿಟ್ಟು ಲೆಕ್ಕ ತಾಳೆ ನೋಡಿದಾಗ 15,930 ರೂಪಾಯಿ ಹೆಚ್ಚಾಗಿರುವುದು ಗೊತ್ತಾಯಿತು.

ಇಂಥ ತಪ್ಪನ್ನು ಹುಡುಕಲು ಲೆಕ್ಕಿಗರ ಬಳಿ ಒಂದು ಹಳೆಯ ಉಪಾಯವಿದೆ. ಸರಿಯಾದ ಸಂಖ್ಯೆಗೂ ಬಿಲ್‌ನಲ್ಲಿರುವ ಸಂಖ್ಯೆಗೂ ಇರುವ ವ್ಯತ್ಯಾಸವನ್ನು 9ರಿಂದ ಭಾಗಿಸುತ್ತಾರೆ. ಶೇಷ ಉಳಿಯದಿದ್ದರೆ ಅಂಕಿಗಳು ಹಿಂದುಮುಂದಾಗಿರಬಹುದು ಎಂದು ಮೊದಲು ಅನುಮಾನಿಸುತ್ತಾರೆ. 64ರಲ್ಲಿ 46 ಕಳೆದರೆ 18 ಉಳಿಯುತ್ತದೆ, ಅದು 9ರಿಂದ ಸರಿಯಾಗಿ ಭಾಗವಾಗುತ್ತದೆ. ಕಾರ್ಖಾನೆಯವರು ಸಹಿ ಮಾಡಿಕೊಟ್ಟ ಸರ್ವಿಸ್ ರಿಪೋರ್ಟಿನಲ್ಲಿ 46 ಎಂದೇ ಇದ್ದುದರಿಂದ ಅನುಮಾನ ನಿಜವಾಯಿತು.

ಸಂಸ್ಥೆಯವರು ಈಗ ಒಂದು ಮೇಲ್ ಬರೆಯಬೇಕು. ಸರಿಪಡಿಸಿದ ಬಿಲ್ ಲಗತ್ತಿಸಿ, ‘ಹಿಂದಿನದನ್ನು ದಯವಿಟ್ಟು ಪರಿಗಣಿಸಬೇಡಿ’ ಎಂದು ಒಂದು ಸಾಲು ಸೇರಿಸಿ ಕಳುಹಿಸುವವರೇ ಹೆಚ್ಚು. ಆದರೆ ಬಿಲ್ ಕೈಬಿಟ್ಟ ಗಳಿಗೆಯಿಂದ ಅದು ಎರಡು ಕಡೆಯ ಲೆಕ್ಕದಲ್ಲೂ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲೂ ಜಾಗ ಹಿಡಿಯತೊಡಗುತ್ತದೆ. ಹಾಗಾಗಿ ಯಾವ ಬಿಲ್ ಸತ್ತಿದೆ, ಯಾವುದು ಬದುಕಿದೆ ಎಂಬುದು ಮೇಲ್ ಓದಿದವರಿಗೆ ಸಂಶಯಕ್ಕೆ ಎಡೆಯಿಲ್ಲದೆ ತಿಳಿಯಬೇಕು.

ಮೊದಲು ಫೋನ್, ಆಮೇಲೆ ಮೇಲ್

ಮೇಲ್ ಬರೆಯುವ ಮೊದಲು ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ಒಂದೇ: 187ನೇ ಬಿಲ್ ನಿಮ್ಮ ಲೆಕ್ಕಕ್ಕೆ ಹತ್ತಿದೆಯೇ? ಉತ್ತರ ಏನು ಬರುತ್ತದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ಇನ್ನೂ ಹತ್ತಿಲ್ಲ, ಸಂಸ್ಥೆಯೂ ಆ ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಿಲ್ಲ ಎಂದಾದರೆ ಕೆಲಸ ಸುಲಭ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಅದರ ಗಡುವು ಮುಂದಿನ ತಿಂಗಳ 11ನೇ ತಾರೀಖು. ಅಂದರೆ ನವೆಂಬರ್ ಬಿಲ್‌ಗಳಿಗೆ ಡಿಸೆಂಬರ್ 11ರವರೆಗೆ ಸಮಯವಿದೆ. ಅಷ್ಟರೊಳಗೆ 187ನ್ನು ರದ್ದು ಮಾಡಿ, ಹೊಸ ನಂಬರಿನಲ್ಲಿ ಸರಿಯಾದ ಬಿಲ್ ಕೊಡುವುದು ರೂಢಿಯಲ್ಲಿರುವ ಕ್ರಮ. ರದ್ದಾದ ನಂಬರನ್ನೂ ಮುಚ್ಚಿಡುವ ಹಾಗಿಲ್ಲ. ಯಾವ ನಂಬರಿನಿಂದ ಯಾವ ನಂಬರಿನವರೆಗೆ ಬಿಲ್ ಹೊಡೆದಿದ್ದೇವೆ, ಅದರಲ್ಲಿ ಎಷ್ಟು ರದ್ದಾಗಿವೆ ಎಂಬುದನ್ನು ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ತೋರಿಸಬೇಕು.

ಹಳೆಯ 187ನೇ ನಂಬರನ್ನೇ ಇಟ್ಟುಕೊಂಡು ಮೊತ್ತವನ್ನಷ್ಟೇ ತಿದ್ದಿ ಕಳುಹಿಸಿದರೆ ಆಗದೇ ಎಂದು ಅನೇಕರು ಕೇಳುತ್ತಾರೆ. ಆಗುವುದಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಒಂದು ಬಿಲ್ ನಂಬರು ಒಂದೇ ಬಿಲ್‌ಗೆ ಸೇರಬೇಕೆಂಬುದು ಜಿಎಸ್‌ಟಿ ನಿಯಮ. ಪೇಚು ಇನ್ನೊಂದಿದೆ. ಒಂದೇ ನಂಬರು, ಎರಡು ಮೊತ್ತ ಇರುವ ಎರಡು ಪಿಡಿಎಫ್‌ಗಳು ಕಾರ್ಖಾನೆಯ ಮೇಲ್ ಪೆಟ್ಟಿಗೆಯಲ್ಲಿ ಕೂತಿರುತ್ತವೆ. ಅವರ ಸಾಫ್ಟ್‌ವೇರ್ ಎರಡನೆಯದನ್ನು ‘ಈಗಾಗಲೇ ನಮೂದಾಗಿದೆ’ ಎಂದು ತಳ್ಳಿಹಾಕಿ, ತಪ್ಪು ಬಿಲ್ಲೇ ಉಳಿದುಬಿಡಬಹುದು.

ಹೊಸ ಬಿಲ್‌ನ ತಲೆಯ ಮೇಲೆ ‘ರಿವೈಸ್ಡ್ ಇನ್‌ವಾಯ್ಸ್’ ಎಂದು ದೊಡ್ಡದಾಗಿ ಬರೆಯುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ಜಿಎಸ್‌ಟಿ ಕಾಯ್ದೆಯ 31ನೇ ಸೆಕ್ಷನ್ ಆ ಹೆಸರಿನ ದಾಖಲೆಯನ್ನು ಹೊಸದಾಗಿ ನೋಂದಣಿಯಾದವರಿಗೆ ಮೀಸಲಿಟ್ಟಿದೆ. ನೋಂದಣಿ ಜಾರಿಯಾದ ದಿನಕ್ಕೂ ಪ್ರಮಾಣಪತ್ರ ಕೈಸೇರಿದ ದಿನಕ್ಕೂ ನಡುವೆ ಕೊಟ್ಟ ಬಿಲ್‌ಗಳ ಬದಲಿಗೆ ಕೊಡುವ ದಾಖಲೆ ಅದು. ನಮ್ಮ ಉದಾಹರಣೆಯಲ್ಲಿ ಹೊರಡುವುದು ಸಾಮಾನ್ಯ ಟ್ಯಾಕ್ಸ್ ಇನ್‌ವಾಯ್ಸ್. ‘ರದ್ದಾದ 187ನೇ ಬಿಲ್‌ಗೆ ಬದಲಿಯಾಗಿ’ ಎಂದು ಅದರ ಕೆಳಗೆ ಒಂದು ಸಾಲು ಬರೆದರೆ ಸಾಕು. ಸೇವೆಗೆ ಸಾಮಾನ್ಯವಾಗಿ ಕೆಲಸ ಮುಗಿದ 30 ದಿನದೊಳಗೆ ಬಿಲ್ ಕೊಡಬೇಕೆಂಬ ನಿಯಮವಿದೆ. ಇಲ್ಲಿ ಹೊಸ ಬಿಲ್ ನವೆಂಬರ್ 7ರದ್ದು, ಹಾಗಾಗಿ ತೊಂದರೆಯಿಲ್ಲ.

ಮೇಲ್ ಹೀಗಿರಲಿ

ವಿಷಯ: ಬಿಲ್ 187 (05-11-2025) ರದ್ದು, ಬದಲಿಗೆ ಬಿಲ್ 191 (07-11-2025)

ಮಾನ್ಯರೇ,

ಇಂದು ಬೆಳಿಗ್ಗೆ ಫೋನಿನಲ್ಲಿ ತಿಳಿಸಿದಂತೆ, ನವೆಂಬರ್ 5ರಂದು ಕಳುಹಿಸಿದ 187ನೇ ಬಿಲ್‌ನಲ್ಲಿ ಎಸಿಗಳ ಸಂಖ್ಯೆ 46ರ ಬದಲು 64 ಎಂದು ನಮೂದಾಗಿದೆ. ತಪ್ಪು ನಮ್ಮದು, ಕ್ಷಮಿಸಿ.

ತಪ್ಪು ಬಿಲ್ 187: ರೂ. 48,000 + ಜಿಎಸ್‌ಟಿ 8,640 = 56,640
ಸರಿಯಾದ ಬಿಲ್ 191: ರೂ. 34,500 + ಜಿಎಸ್‌ಟಿ 6,210 = 40,710

187ನೇ ಬಿಲ್ಲನ್ನು ಪೂರ್ತಿಯಾಗಿ ರದ್ದುಪಡಿಸಿದ್ದೇವೆ, ಅದರ ಮೇಲೆ ಹಣ ಪಾವತಿಸಬೇಡಿ. ಅದರ ಬದಲು 191ನೇ ಬಿಲ್ ಮತ್ತು ನೀವು ಸಹಿ ಮಾಡಿದ ಸರ್ವಿಸ್ ರಿಪೋರ್ಟ್ ಲಗತ್ತಿಸಿದ್ದೇವೆ. ದರ, ಪಿಒ ಸಂಖ್ಯೆ, ನಮ್ಮ ಬ್ಯಾಂಕ್ ಖಾತೆ ಯಾವುದೂ ಬದಲಾಗಿಲ್ಲ. ಪಾವತಿಯ ಕೊನೆಯ ದಿನ ಮೊದಲಿನಂತೆ ಡಿಸೆಂಬರ್ 5.

191 ಸ್ವೀಕರಿಸಿ 187ನ್ನು ಕಡತದಿಂದ ಕೈಬಿಟ್ಟಿರುವುದಾಗಿ ಒಂದು ಸಾಲು ಉತ್ತರ ಬರೆಯಬೇಕೆಂದು ಕೋರುತ್ತೇವೆ.

ವಿಷಯದ ಸಾಲಿನಲ್ಲೇ ಎರಡೂ ನಂಬರು ಇರುವುದಕ್ಕೆ ಕಾರಣವಿದೆ. ಆರು ತಿಂಗಳ ನಂತರ ಆಡಿಟ್ ಸಮಯದಲ್ಲಿ ಯಾರಾದರೂ ಮೇಲ್ ಪೆಟ್ಟಿಗೆಯಲ್ಲಿ 187 ಎಂದು ಹುಡುಕಿದರೂ 191 ಎಂದು ಹುಡುಕಿದರೂ ಇದೇ ಮೇಲ್ ಎದುರಾಗಬೇಕು. ಕ್ಷಮೆ ಒಂದೇ ಸಾಲಿಗೆ ಮುಗಿದಿದೆ, ಏಕೆಂದರೆ ಓದುವವರು ಹುಡುಕುವುದು ಅಂಕಿಗಳನ್ನು. ತಪ್ಪು ಯಾವುದರಲ್ಲಿ ಎಂದು ಹೇಳಿರುವುದರಿಂದ ದರದ ಬಗ್ಗೆ ಹೊಸ ಚರ್ಚೆ ಏಳುವುದಿಲ್ಲ. ಕೊನೆಯ ದಿನವನ್ನು ಬರೆಯದಿದ್ದರೆ ಅಕೌಂಟ್ಸ್ ವಿಭಾಗ ಹೊಸ ಬಿಲ್‌ನ ತಾರೀಖಿನಿಂದ ದಿನ ಎಣಿಸಿ, ಹಣ ಬರುವುದು ಮುಂದೆ ಹೋಗುತ್ತದೆ.

ಲೆಕ್ಕಕ್ಕೆ ಹತ್ತಿದ್ದರೆ

ಕಾರ್ಖಾನೆಯವರು 187ನ್ನು ಆಗಲೇ ನಮೂದಿಸಿ, ಅದರ ಜಿಎಸ್‌ಟಿಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆದುಬಿಟ್ಟಿದ್ದರೆ ದಾರಿಯೇ ಬೇರೆ. ಆಗ 187ನ್ನು ರದ್ದು ಮಾಡುವಂತಿಲ್ಲ, ಅದು ಬದುಕಿರಬೇಕು. ಹೆಚ್ಚಾದ 13,500 ರೂಪಾಯಿ ಮತ್ತು ಅದರ ಜಿಎಸ್‌ಟಿ 2,430, ಒಟ್ಟು 15,930 ರೂಪಾಯಿಗೆ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡಬೇಕು. ಕಾರ್ಖಾನೆಯವರು ಅಷ್ಟು ಕ್ರೆಡಿಟ್ಟನ್ನು ಹಿಂದಿರುಗಿಸುತ್ತಾರೆ. ಇದನ್ನು ರಿಟರ್ನ್‌ನಲ್ಲಿ ತೋರಿಸಲು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಕೊನೆಯ ದಿನ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಅಲ್ಲಿಗೇ ಅವಕಾಶ ಮುಗಿಯುತ್ತದೆ. ಮೊತ್ತ ಕಡಿಮೆಯಾಗಿ ಹೋಗಿದ್ದರೆ ಇದೇ ಸೆಕ್ಷನ್ ಪ್ರಕಾರ ಡೆಬಿಟ್ ನೋಟ್ ಕೊಡಬೇಕಾಗುತ್ತದೆ.

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವವರಿಗೆ ಸಮಯ ಇನ್ನೂ ಕಡಿಮೆ. ಅವರ ಬಿಲ್ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಕ್ಯೂಆರ್ ಕೋಡ್ ಪಡೆದಿರುತ್ತದೆ. ಆ ಪೋರ್ಟಲ್‌ನಲ್ಲಿ ರದ್ದು ಮಾಡಲು ಇರುವುದು 24 ಗಂಟೆ ಮಾತ್ರ, ಅದೂ ಪೂರ್ತಿಯಾಗಿ. ರದ್ದಾದ ನಂಬರನ್ನು ಮತ್ತೆ ಬಳಸುವಂತಿಲ್ಲ. ಎರಡು ದಿನ ಬಿಟ್ಟು ತಪ್ಪು ಕಂಡ ನಮ್ಮ ಸಂಸ್ಥೆ ಅಂಥದ್ದಾಗಿದ್ದರೆ ಕ್ರೆಡಿಟ್ ನೋಟ್ ದಾರಿ ಹಿಡಿಯಬೇಕಾಗುತ್ತಿತ್ತು.

ಈ ಎರಡು ದಾರಿಗಳನ್ನು ಬೆರೆಸುವುದೇ ಅತಿ ದೊಡ್ಡ ಗೊಂದಲಕ್ಕೆ ಕಾರಣ. 191ನೇ ಹೊಸ ಬಿಲ್ಲೂ ಹೋಯಿತು, ಹೆಚ್ಚಿನ ಮೊತ್ತಕ್ಕೆ ಕ್ರೆಡಿಟ್ ನೋಟೂ ಹೋಯಿತು, 187ನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ ಎಂದುಕೊಳ್ಳಿ. 56,640ಕ್ಕೆ 40,710 ಕೂಡಿಸಿ 15,930 ಕಳೆದರೆ ಲೆಕ್ಕದಲ್ಲಿ 81,420 ರೂಪಾಯಿ ನಿಲ್ಲುತ್ತದೆ. ಅದು ಸರಿಯಾದ ಮೊತ್ತದ ನೇರ ಎರಡರಷ್ಟು. ಬಾಕಿ ಪಟ್ಟಿಯಲ್ಲಿ ಹೀಗೆ ಸರಿಯಾಗಿ ಇಮ್ಮಡಿ ಮೊತ್ತ ಕಂಡರೆ ಒಂದೇ ತಪ್ಪಿಗೆ ಎರಡು ಔಷಧ ಹಾಕಿರಬಹುದೆಂದು ಮೊದಲು ನೋಡಬೇಕು.

ಮೇಲ್ ಪಡೆದವರು ನೋಡಬೇಕಾದದ್ದು

‘ಹಿಂದಿನ ಬಿಲ್ ಬಿಡಿ, ಇದನ್ನು ಹಿಡಿಯಿರಿ’ ಎಂಬ ಮೇಲ್ ವಂಚಕರಿಗೂ ಬಹಳ ಇಷ್ಟ. ನಿಜವಾದ ಸಂಸ್ಥೆಯ ಹೆಸರಿನಲ್ಲಿ, ಒಂದೇ ಅಕ್ಷರ ವ್ಯತ್ಯಾಸವಿರುವ ಮೇಲ್ ವಿಳಾಸದಿಂದ ತಿದ್ದಿದ ಬಿಲ್ ಕಳುಹಿಸುತ್ತಾರೆ. ಅದರಲ್ಲಿ ಮೊತ್ತ ಬದಲಾಗದೆಯೂ ಇರಬಹುದು, ಬ್ಯಾಂಕ್ ಖಾತೆ ಮಾತ್ರ ಬೇರೆಯದಾಗಿರುತ್ತದೆ. ಹಾಗಾಗಿ ಮೊತ್ತ ತಿದ್ದುವ ಮೇಲ್‌ನಲ್ಲಿ ಖಾತೆಯನ್ನೂ ಬದಲಿಸಬಾರದೆಂಬ ನಿಯಮವನ್ನು ಕಳುಹಿಸುವವರೇ ಪಾಲಿಸಬೇಕು. ನಿಜಕ್ಕೂ ಖಾತೆ ಬದಲಾಗಿದ್ದರೆ ಅದನ್ನು ಬೇರೆಯಾಗಿಯೇ ತಿಳಿಸಬೇಕು. ಪಡೆದವರು ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡದೆ, ತಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಹಣ ಹೋಗಿಬಿಟ್ಟಿದ್ದರೆ ಕೂಡಲೇ ಬ್ಯಾಂಕಿಗೆ ತಿಳಿಸಿ, 1930 ಸಹಾಯವಾಣಿಗೆ ದೂರು ಕೊಡಬೇಕು.

ಎಲ್ಲವೂ ನೆಟ್ಟಗಾಯಿತೇ ಎಂದು ತಿಳಿಯಲು ಡಿಸೆಂಬರ್ 14ರ ನಂತರ ಒಂದು ಅವಕಾಶವಿದೆ. ಆ ದಿನ ಕಾರ್ಖಾನೆಯ ಹೆಸರಿನಲ್ಲಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ತಯಾರಾಗುತ್ತದೆ. ಅದರಲ್ಲಿ ಈ ಕೆಲಸಕ್ಕೆ 191ನೇ ಬಿಲ್ ಒಂದೇ ಇದ್ದು, ತೆರಿಗೆ 6,210 ಎಂದಿರಬೇಕು. 187ನ್ನೂ ಕಂಡರೆ ಸಂಸ್ಥೆ ಎರಡನ್ನೂ ರಿಟರ್ನ್‌ಗೆ ಸೇರಿಸಿಬಿಟ್ಟಿದೆ ಎಂದರ್ಥ. ಆಗ ತೆರಿಗೆ 14,850 ಎಂದು ತೋರುತ್ತದೆ. ಆ ಹೊರೆ ಸಂಸ್ಥೆಯ ತಲೆಗೆ ಬರುವುದರಿಂದ ಫೋನ್ ಮಾಡಿ ತಿಳಿಸಿದರೆ ಇಬ್ಬರಿಗೂ ಉಪಕಾರ.

ಸಂಸ್ಥೆಯ ಕಡೆ ಉಳಿಯುವ ಕೆಲಸ ಒಂದಿದೆ. ರದ್ದಾದ 187ನೇ ಬಿಲ್ಲನ್ನು ಕಂಪ್ಯೂಟರಿನಿಂದ ಅಳಿಸಬಾರದು. ಅಡ್ಡಲಾಗಿ ‘ರದ್ದು’ ಎಂದು ಗುರುತು ಮಾಡಿ, ಕಳುಹಿಸಿದ ಮೇಲ್, ಕಾರ್ಖಾನೆಯ ಉತ್ತರ ಮತ್ತು 191ನೇ ಬಿಲ್ ಜೊತೆ ಒಂದೇ ಕಡತದಲ್ಲಿ ಇಡಬೇಕು. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಪಾಡಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರೊಳಗೆ ಅಧಿಕಾರಿಯೊಬ್ಬರು 186 ಆದ ಮೇಲೆ 188 ಹೇಗೆ ಬಂತು ಎಂದು ಕೇಳಿದರೆ, ಈ ನಾಲ್ಕು ಕಾಗದಗಳೇ ಉತ್ತರ ಹೇಳುತ್ತವೆ.