A¹⁰ ಬೇಕು ಅಂದ್ರೆ ಹತ್ತು ಸಲ ಗುಣಿಸಬೇಕಾ?

ಪ್ರಶ್ನೆಪತ್ರಿಕೆಯಲ್ಲಿ A¹⁰ ಕಂಡ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಗುಣಿಸೋಕೆ ಕೂತುಬಿಡ್ತೀವಿ. ನಾಲ್ಕನೇ ಘಾತಕ್ಕೆ ಬರೋ ಹೊತ್ತಿಗೆ ಎಲ್ಲೋ ಒಂದು ಅಂಕಿ ಕೈಕೊಟ್ಟಿರುತ್ತೆ. ಕೇಲಿ-ಹ್ಯಾಮಿಲ್ಟನ್ ಪ್ರಮೇಯ ಈ ಕಷ್ಟ ತಪ್ಪಿಸುತ್ತದೆ. ಯಾವುದೇ ಚೌಕ ಮ್ಯಾಟ್ರಿಕ್ಸ್ ತನ್ನದೇ ಕ್ಯಾರಕ್ಟರಿಸ್ಟಿಕ್ ಸಮೀಕರಣವನ್ನು ಪಾಲಿಸುತ್ತದೆ ಅನ್ನುವುದೇ ಆ ಪ್ರಮೇಯ.

ಈ ಮ್ಯಾಟ್ರಿಕ್ಸ್ ತಗೊಳ್ಳೋಣ:

```
A = | 2  1 |
    | 1  2 |
```

ಟ್ರೇಸ್ 4, ಡಿಟರ್ಮಿನೆಂಟ್ 3. ಹಾಗಾಗಿ ಸಮೀಕರಣ λ² − 4λ + 3 = 0. λ ಜಾಗದಲ್ಲಿ A ಹಾಕಿದರೆ A² − 4A + 3I = 0. ಆ I ಮರೆತು ಬರೀ 3 ಬರೆಯೋದು ನಾವೆಲ್ಲ ಮಾಡಿರೋ ತಪ್ಪು.

ಇದನ್ನೇ 3I = 4A − A² ಅಂತ ಬರೆದು ಎರಡೂ ಕಡೆ A⁻¹ ನಿಂದ ಗುಣಿಸಿದರೆ ಇನ್ವರ್ಸ್ ಸಿಕ್ಕಿತು:

```
A⁻¹ = (4I − A)/3 = (1/3) |  2  −1 |
                         | −1   2 |
```

ಡಿಟರ್ಮಿನೆಂಟ್ ಸೊನ್ನೆಯಾಗಿದ್ದರೆ I ಇರುವ ಪದವೇ ಉಳಿಯಲ್ಲ, ಇನ್ವರ್ಸೂ ಇರಲ್ಲ.

ಈಗ A¹⁰. λ¹⁰ ಅನ್ನು λ² − 4λ + 3 ರಿಂದ ಭಾಗಿಸಿದರೆ ಶೇಷ aλ + b ರೂಪದಲ್ಲಿರುತ್ತದೆ. ನಿಜವಾಗಿ ಭಾಗಿಸಬೇಕಾಗಿಲ್ಲ. ಐಗನ್ ವ್ಯಾಲ್ಯೂಗಳಾದ 1 ಮತ್ತು 3 ರಲ್ಲಿ ಭಾಜಕ ಸೊನ್ನೆ, ಆದ್ದರಿಂದ ಅಲ್ಲಿ λ¹⁰ ಮತ್ತು ಶೇಷ ಸಮ:

```
 a + b = 1
3a + b = 59049
```

ಇದರಿಂದ a = 29524, b = −29523. ಭಾಗಲಬ್ಧದ ಭಾಗ A ಹಾಕಿದಾಗ ಸೊನ್ನೆಯಾಗುವುದರಿಂದ,

```
A¹⁰ = aA + bI = | 29525  29524 |
                | 29524  29525 |
```

ಉತ್ತರ ಸರಿಯಾ ಅಂತ ನೋಡೋಕೆ ಟ್ರೇಸ್ ನೆರವಾಗುತ್ತೆ: 59050, ಅಂದರೆ 1¹⁰ + 3¹⁰. ತಾಳೆಯಾಗದಿದ್ದರೆ ಎಲ್ಲೋ ಎಡವಿದ್ದೀವಿ ಅಂತ ಅರ್ಥ.

ಐಗನ್ ವ್ಯಾಲ್ಯೂ ಎರಡೂ ಒಂದೇ ಆಗಿದ್ದರೆ ಮಾತ್ರ ಎರಡು ಸಮೀಕರಣಗಳೂ ಒಂದೇ ಆಗಿಬಿಡ್ತವೆ. ಆಗ λ¹⁰ = aλ + b ಯನ್ನು ಒಮ್ಮೆ ಡಿಫರೆನ್ಷಿಯೇಟ್ ಮಾಡಿ, 10λ⁹ = a ಅನ್ನು ಎರಡನೇ ಸಮೀಕರಣವಾಗಿ ಬಳಸಬೇಕು.