ಮೊಮ್ಮಗನ ಒಂದು ಚುಕ್ಕಿ

ಒಂದು ರಾತ್ರಿ 9.45ಕ್ಕೆ ಮೈಸೂರಿನಲ್ಲಿರುವ ಮೊಮ್ಮಗನಿಂದ ನನಗೆ ವಾಟ್ಸ್ಆ್ಯಪ್ ಮೆಸೇಜ್ ಬಂತು. ತೆರೆದು ನೋಡಿದರೆ ಬರೀ ಒಂದು ಚುಕ್ಕಿ. ಅವನು ಒಂಬತ್ತನೇ ತರಗತಿ. ಶಾಲೆಯ ಕೆಲಸಕ್ಕೆಂದು ಅಮ್ಮನ ಹಳೇ ಫೋನು ಅವನ ಕೈಯಲ್ಲಿರುತ್ತದೆ.

ಕೈತಪ್ಪಿ ಬಂದಿರಬೇಕು ಅಂದುಕೊಂಡೆ. ನಾನೇನು ಕಡಿಮೆಯೇ? ಒಮ್ಮೆ ಬಸ್ಸಿನಲ್ಲಿ ಕೂತಾಗ ಜೇಬಿನಲ್ಲಿದ್ದ ಫೋನಿನಿಂದ ಗೆಳೆಯನಿಗೆ ಏಳೆಂಟು ಅಕ್ಷರಗಳ ಕಲಸುಮೇಲೋಗರ, ಮೂರು ಬದನೆಕಾಯಿ ಚಿತ್ರ ಹೋಗಿದ್ದವು. ಜೇಬಿನ ಕೆಲಸ ಸಾಮಾನ್ಯವಾಗಿ ಹೀಗೇ ಇರುತ್ತದೆ, ಅರ್ಥವಿಲ್ಲದ್ದು ರಾಶಿಯಾಗಿ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಪೂರ್ತಿ ಖಾಲಿ ಮೆಸೇಜ್ ಹೋಗುವುದಿಲ್ಲ. ಏನಾದರೂ ಒಂದನ್ನು ಒತ್ತಬೇಕು, ಆಮೇಲೆ ಕಳಿಸುವ ಬಾಣವನ್ನೂ ಒತ್ತಬೇಕು. ಆದರೂ ಒಂದೇ ಚುಕ್ಕಿಯಿಂದ ಏನನ್ನೂ ತೀರ್ಮಾನಿಸಲಾಗದು. ಚುಕ್ಕಿ ಕೈತಪ್ಪಿಯೂ ಹೋಗುತ್ತದೆ.

ಹಾಗಾಗಿ ಫೋನು ಕೆಳಗಿಡದೆ ನೋಡುತ್ತಾ ಕೂತೆ. ಅವನ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ಬಂತು, ನಿಂತಿತು. ಮತ್ತೆ ಬಂತು, ನಿಂತಿತು. ಆಮೇಲೆ ಒಂದು ಮೆಸೇಜ್ ಬಂದು, ನಾನು ಓದುವಷ್ಟರಲ್ಲಿ ಅಳಿಸಿಹೋಯಿತು. ಕೈತಪ್ಪಿದವರೂ ಅಳಿಸುತ್ತಾರೆ, ಆದರೆ ಅಳಿಸಿ ‘ಸಾರಿ’ ಅಂದು ಹೊರಟುಬಿಡುತ್ತಾರೆ. ಇವನು ಹೋಗಲಿಲ್ಲ. ಮತ್ತೆ ‘ಟೈಪಿಂಗ್’.

‘ಏನೋ ಇದು?’ ಎಂದು ಬರೆದು, ಕಳಿಸದೆ ಅಳಿಸಿದೆ. ಹಾಗೆ ಕೇಳಿದರೆ ‘ಏನಿಲ್ಲ ತಾತ, ಕೈತಪ್ತು’ ಎಂದು ಜಾರಿಕೊಳ್ಳುವುದು ಸುಲಭ. ಕೂಡಲೇ ಫೋನ್ ಮಾಡೋಣವೆಂದರೆ, ಬಾಯಿಬಿಟ್ಟು ಹೇಳಲಾಗದ್ದಕ್ಕೇ ಅಲ್ಲವೇ ಹುಡುಗ ಬರೆಯಲು ಹೊರಟಿದ್ದು? ಪಕ್ಕದಲ್ಲಿ ಅಪ್ಪ ಅಮ್ಮ ಇದ್ದರೆ?

ಕೊನೆಗೆ ಹೀಗೆ ಬರೆದೆ: ‘ಪುಟ್ಟಾ, ಒಂದು ಚುಕ್ಕಿ ಬಂತು. ಕೈತಪ್ಪಿದ್ದರೆ ಬಿಡು, ಮಲಕ್ಕೋ. ಏನಾದ್ರೂ ಹೇಳೋದಿದ್ರೆ ಇನ್ನೊಂದು ಚುಕ್ಕಿ ಹಾಕು. ನಾನು ಎದ್ದೇ ಇರ್ತೀನಿ.’

ಎರಡು ನೀಲಿ ಗೆರೆ ಬಿದ್ದವು. ನಿಜವಾಗಿ ಕೈತಪ್ಪಿದ್ದರೆ ನಗುವ ಮುಖವೊಂದು ತಕ್ಷಣ ಬರುತ್ತಿತ್ತು. ನಾಲ್ಕೈದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಚುಕ್ಕಿ.

ಮಾತು ಸಿಗದವನಿಗೆ ‘ವಿವರವಾಗಿ ಹೇಳು’ ಎಂದರೆ ಇನ್ನಷ್ಟು ಕಷ್ಟ. ಒಂದೇ ಪದದಲ್ಲಿ ಉತ್ತರಿಸುವಂತೆ ಕೇಳಿದೆ.

‘ಮೈ ಹುಷಾರಿಲ್ವಾ?’

‘ಇದೆ.’

‘ಸ್ಕೂಲಿಂದಾ?’

‘ಹೂಂ.’

‘ಅಪ್ಪಂಗೆ ಗೊತ್ತಾ?’

‘ಇಲ್ಲ.’

‘ಫೋನ್ ಮಾಡ್ಲಾ, ಬರೀತೀಯಾ?’

‘ಬರೀತೀನಿ.’

ಹನ್ನೊಂದು ನಿಮಿಷ ಕಾದೆ. ನಡುವೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಹಾಕಬೇಕೆಂದು ಬೆರಳು ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಬಂದದ್ದು ನಾಲ್ಕೇ ಸಾಲು. ಗಣಿತದಲ್ಲಿ ಫೇಲಾಗಿದ್ದ. ಉತ್ತರಪತ್ರಿಕೆಗೆ ಅಪ್ಪನ ಸಹಿ ತಾನೇ ಹಾಕಿದ್ದ. ಮೇಷ್ಟ್ರಿಗೆ ಅನುಮಾನ ಬಂದು, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದಿದ್ದರು.

‘ಅಪ್ಪಂಗೆ ನೀನೇ ಹೇಳ್ತೀಯಾ, ನಾನು ಜೊತೇಲಿರ್ಲಾ?’ ಎಂದು ಕೇಳಿದೆ.

‘ಜೊತೇಲಿರು ತಾತ’ ಎಂದ. ಬೆಳಗಿನ ಆರೂವರೆ ಬಸ್ಸು ಹಿಡಿದೆ.