ನೀರು ಬೇಡವೆಂದವನ ಹೆಸರಿನ ರಸ್ತೆ

ಹಳ್ಳಿ ರಸ್ತೆಯ ಎಸ್ಟಿಮೇಟಿನಲ್ಲಿ ಕಾಣುವ ಡಬ್ಲ್ಯುಬಿಎಂ ಎಂದರೆ ವಾಟರ್ ಬೌಂಡ್ ಮೆಕಾಡಂ. ಅದರ ಕೊನೆಯ ಪದ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂನ ಹೆಸರು. ತಮಾಷೆಯೆಂದರೆ ರಸ್ತೆಗೆ ನೀರು ಸೇರುವುದು ಆತನಿಗೆ ಆಗದ ಮಾತು. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಆತ, ಆರು ಔನ್ಸ್ ಮೀರದ, ಅಂದರೆ ಸುಮಾರು 170 ಗ್ರಾಂ ಒಳಗಿನ ಒಡೆದ ಜಲ್ಲಿಯನ್ನಷ್ಟೇ ಹಾಸಿಸುತ್ತಿದ್ದ. ಮಣ್ಣು ಬೆರೆಸಬಾರದು, ಗಾಡಿಚಕ್ರಗಳೇ ಕಲ್ಲನ್ನು ಕಚ್ಚಿಸುತ್ತವೆ ಎಂಬುದು ಅವನ ಪಟ್ಟು. ಅಷ್ಟು ಕಾಯುವ ತಾಳ್ಮೆ ನಂತರದವರಿಗೆ ಇರಲಿಲ್ಲ. ಸಂದಿಗೆ ಕಲ್ಲುಪುಡಿ ತುಂಬಿ, ನೀರು ಹೊಯ್ದು, ರೋಲರ್ ಹತ್ತಿಸಿದರು.

ಅಡಿಯ ನೆಲ ಒಣಗಿರಬೇಕೆಂಬ ಅವನ ಮಾತು ಮಾತ್ರ ಉಳಿಯಿತು. ಇವತ್ತು ಆ ಹೊಣೆ ಜಿಎಸ್‌ಬಿ ಪದರದ್ದು. ಎರೆಮಣ್ಣಿನ ಮೇಲೆ ನೇರವಾಗಿ ಜಲ್ಲಿ ಸುರಿದರೆ ಮಳೆಗಾಲದಲ್ಲಿ ಕಲ್ಲು ಕೆಳಗಿಳಿದು ಕೆಸರು ಮೇಲೇಳುತ್ತದೆ. ಗರಸು, ಮರಳು, ಸಣ್ಣ ಜಲ್ಲಿ ಬೆರೆತ ಜಿಎಸ್‌ಬಿ ಅದನ್ನು ತಡೆದು ನೀರನ್ನು ಪಕ್ಕಕ್ಕೆ ಹರಿಸುತ್ತದೆ. ಅದರಲ್ಲೇ ಜೇಡಿ ಹೆಚ್ಚಾದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಒಂದು ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲದ ರಸ್ತೆ ಎನ್ನಿ. ಜಿಎಸ್‌ಬಿ 150 ಮಿ.ಮೀ. ಆದರೆ 1000 × 3.75 × 0.15, ಅಂದರೆ 562.5 ಘನ ಮೀಟರ್. ಆದರೆ ಇದು ರೋಲರ್ ತುಳಿದ ಮೇಲಿನ ಲೆಕ್ಕ. ಟಿಪ್ಪರಿನಲ್ಲಿ ಬರುವ ಸಡಿಲ ಸಾಮಗ್ರಿ ಸುಮಾರು 1.28 ಪಟ್ಟು ಬೇಕು, ಎಂದರೆ 720 ಘನ ಮೀಟರ್. ಗುಣಾಕಾರ ಮರೆತವರ ರಸ್ತೆ ಕಾಗದದಲ್ಲಿ 150, ನೆಲದಲ್ಲಿ 117 ಮಿ.ಮೀ.!

ಅದರ ಮೇಲಿನ 75 ಮಿ.ಮೀ. ಡಬ್ಲ್ಯುಬಿಎಂ ಪದರ ತುಳಿದ ಮೇಲೆ 281 ಘನ ಮೀಟರ್ ಆಗುತ್ತದೆ. 63ರಿಂದ 45 ಮಿ.ಮೀ. ಜಲ್ಲಿಗೆ ಹತ್ತು ಚದರ ಮೀಟರಿಗೆ 0.91ರಿಂದ 1.07 ಘನ ಮೀಟರ್ ಎಂಬ ರೂಢಿಯಂತೆ ಸಡಿಲ ಜಲ್ಲಿ 341ರಿಂದ 401 ಘನ ಮೀಟರ್ ತರಿಸಬೇಕು. ಸಂದಿ ತುಂಬುವ ಪುಡಿಜಲ್ಲಿ ಬೇರೆ.

ಇಲ್ಲಿ ಸರದಿಯೇ ಮುಖ್ಯ. ಮೊದಲು ಬರೀ ಜಲ್ಲಿಯನ್ನು ಅಂಚಿನಿಂದ ನಡುವಿಗೆ ತುಳಿಸಿ ಕಲ್ಲಿಗೆ ಕಲ್ಲನ್ನು ಕಚ್ಚಿಸಬೇಕು. ಆಮೇಲೆ ಪುಡಿಜಲ್ಲಿ ಹರಡಿ, ನೀರು ಹಾಕಿ, ಪೊರಕೆಯಿಂದ ಸಂದಿಗೆ ತಳ್ಳುತ್ತ ಮತ್ತೆ ರೋಲರ್ ಓಡಿಸಬೇಕು. ಪುಡಿ ಮೊದಲೇ ಬಿದ್ದರೆ ಕಲ್ಲುಗಳ ನಡುವೆ ಸಿಕ್ಕಿಕೊಂಡು ಕಚ್ಚುವಿಕೆಯನ್ನೇ ತಡೆಯುತ್ತದೆ. ಕೊನೆಗೆ ಅಂಟು ಮಣ್ಣು. ರೋಲರ್ ಚಕ್ರದ ಮುಂದೆ ತೆಳು ಕೆಸರಿನ ಅಲೆ ಕಂಡರೆ ಸಂದಿ ತುಂಬಿದಂತೆ.

ಕಚ್ಚಿದೆಯೋ ಇಲ್ಲವೋ ನೋಡಲು ಹಳೇ ಮೇಸ್ತ್ರಿಗಳು ಒಂದು ಜಲ್ಲಿಕಲ್ಲನ್ನು ರೋಲರಿನಡಿ ಇಡುತ್ತಾರೆ. ಕಲ್ಲು ಒಳಗಿಳಿದರೆ ಇನ್ನೂ ತುಳಿಸಬೇಕು, ಪುಡಿಯಾದರೆ ಪದರ ಗಟ್ಟಿ. ದಪ್ಪವನ್ನು ಕಣ್ಣಳತೆಯಲ್ಲಿ ಹೇಳಲಾಗದು. ಅದಕ್ಕೆ ಗುಣಿ ತೋಡಿ ಸ್ಕೇಲ್ ಇಟ್ಟು ಅಳೆದು, ಅದೇ ಸಾಮಗ್ರಿಯನ್ನು ಮತ್ತೆ ತುಂಬಿ ದಮ್ಮಸ್ಸು ಹಾಕಿಸಬೇಕು. ಅಂಥ ಗುಣಿಗಳನ್ನು ರಸ್ತೆಯ ನಡುವಿನಲ್ಲಷ್ಟೇ ಅಲ್ಲ, ಸಾಮಗ್ರಿ ಕಡಿಮೆ ಬೀಳುವ ಅಂಚಿನಲ್ಲೂ ತೋಡಿಸಬೇಕು.